ಅಂಗಡಿಯವರ ಕಥೆಯ ಪಾಡ್‌ಕಾಸ್ಟ್: ಜನ ಕೇಳುವ ಹಾಗೆ ಪ್ರಕಟಣೆ ಬರೆಯುವುದು ಹೇಗೆ?

ಮಲೆನಾಡಿನ ಕಡೆ ಪಾಡ್‌ಕಾಸ್ಟ್ ಮಾಡುವವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದಿದೆ. "ನಮ್ಮೂರಿನ ಅಂಗಡಿಯವರನ್ನು ಮಾತಾಡಿಸಿ ಎಪಿಸೋಡ್ ಮಾಡಿದ್ದೇವೆ. ವಾಟ್ಸಾಪಿನಲ್ಲಿ ಹಾಕಿದರೆ ಎಲ್ಲರೂ ಹೆಬ್ಬೆರಳು ತೋರಿಸುತ್ತಾರೆ, ಕೇಳಿದವರು ಮಾತ್ರ ಯಾರೂ ಇಲ್ಲ. ಎಲ್ಲಿ ತಪ್ಪಾಗಿದೆ?"

ಹೆಚ್ಚಿನ ಸಲ ತಪ್ಪು ಎಪಿಸೋಡಿನಲ್ಲಿ ಇರುವುದಿಲ್ಲ, ಅದನ್ನು ಸಾರಿದ ರೀತಿಯಲ್ಲಿ ಇರುತ್ತದೆ. ಪ್ರಕಟಣೆ ಅಂಗಡಿಯವರನ್ನು ಹೊಗಳಿರುತ್ತದೆ, ಅಥವಾ ಕಥೆಯನ್ನೆಲ್ಲ ಹೇಳಿ ಮುಗಿಸಿರುತ್ತದೆ. ಹೊಗಳಿಕೆ ಓದಿದವರು ಹೆಬ್ಬೆರಳು ಒತ್ತುತ್ತಾರೆ, ಕಥೆ ತಿಳಿದವರು ಮುಂದೆ ಹೋಗುತ್ತಾರೆ. ಎರಡೂ ಸಹಜವೇ.

ಕೆಳಗೆ ಒಂದೇ ಉದಾಹರಣೆಯನ್ನು ಮೊದಲಿಂದ ಕೊನೆವರೆಗೆ ಹಿಡಿದು ಹೋಗೋಣ. ಅಂಗಡಿಯೂ ಅಂಗಡಿಯವರೂ ಈ ಲೇಖನಕ್ಕಾಗಿ ಕಟ್ಟಿಕೊಂಡದ್ದು. ತೀರ್ಥಹಳ್ಳಿ ಕಡೆಯ ಒಂದು ಪುಟ್ಟ ಪೇಟೆ, ಹಳ್ಳ ದಾಟುವ ಸಂಕದ ಪಕ್ಕ ಒಂದು ದಿನಸಿ ಅಂಗಡಿ ಎಂದುಕೊಳ್ಳಿ. ಬೋರ್ಡಿನಲ್ಲಿ ಏನೇ ಇರಲಿ, ಊರವರ ಬಾಯಲ್ಲಿ ಅದು "ಸಂಕದಂಗಡಿ". ಅಂಗಡಿಯವರ ಜೊತೆ ನೀವು ಆಡಿದ ಮಾತು ಎಡಿಟ್ ಆದ ಮೇಲೆ 38 ನಿಮಿಷ ಇದೆ.

ಬೇಕಾದದ್ದು ಇಷ್ಟು: ಎಡಿಟ್ ಮುಗಿದ ಎಪಿಸೋಡ್, ಒಂದು ಹಾಳೆ, ಪೆನ್ನು, ಅಂಗಡಿಯ ಒಂದು ಫೋಟೋ, ಆಡಾಸಿಟಿಯಂಥ ಉಚಿತ ಧ್ವನಿ ಎಡಿಟರ್, ಅಂಗಡಿಯವರ ಹತ್ತು ನಿಮಿಷ.

1. ಎಪಿಸೋಡನ್ನು ಪೆನ್ನು ಹಿಡಿದು ಇನ್ನೊಮ್ಮೆ ಕೇಳಿ

ಪ್ರಕಟಣೆಯನ್ನು ನೆನಪಿನಿಂದ ಬರೆಯಬೇಡಿ. ನೆನಪಿನಲ್ಲಿ ಉಳಿಯುವುದು "ತುಂಬ ಕಷ್ಟಪಟ್ಟು ಮೇಲೆ ಬಂದರು" ಎಂಬ ಸಾರಾಂಶ ಮಾತ್ರ. ಅದು ರಾಜ್ಯದ ಯಾವ ಅಂಗಡಿಯವರಿಗಾದರೂ ಹೊಂದುತ್ತದೆ. ಕೇಳುತ್ತಾ, ಎಲ್ಲಿ ಏನಾದರೂ ತಿರುಗಿತೋ ಅಲ್ಲಿಯ ನಿಮಿಷ, ಸೆಕೆಂಡು ಬರೆದುಕೊಳ್ಳಿ. ನಮ್ಮ ಉದಾಹರಣೆಯ ಹಾಳೆ ಹೀಗಿದೆ:

4:10 – ಎಂಟಡಿ ಹತ್ತಡಿಯ ಬಾಡಿಗೆ ಕೋಣೆಯಲ್ಲಿ ಶುರು
12:40 – ಕೊಳೆ ಬಂದ ವರ್ಷ, ಉದ್ರಿ ಪುಸ್ತಕಕ್ಕೆ ಬೀಗ
17:05 – ಮರುವರ್ಷ ಪುಸ್ತಕ ತೆಗೆದದ್ದು
24:30 – ಮಗಳು ಕ್ಯೂಆರ್ ಕೋಡ್ ತಂದು ಅಂಟಿಸಿದ್ದು
33:00 – ಪೇಟೆಗೆ ಸೂಪರ್ ಮಾರ್ಕೆಟ್ ಬಂದದ್ದು

ಇದರಲ್ಲಿ ಯಾವುದನ್ನು ಮುಂದಿಡಬೇಕು? ಹೊಸಬರು ಸಾಮಾನ್ಯವಾಗಿ 4:10ಕ್ಕೆ ಕೈ ಹಾಕುತ್ತಾರೆ, ಏಕೆಂದರೆ ಅದು "ಆರಂಭ". ಆದರೆ ಬಾಡಿಗೆ ಕೋಣೆಯಲ್ಲಿ ಶುರುವಾಗದ ಅಂಗಡಿಯೇ ಅಪರೂಪ. ಸೂಪರ್ ಮಾರ್ಕೆಟ್ ಬಂದದ್ದೂ ಎಲ್ಲ ಊರಿನ ಕಥೆ. ಈ ಕಥೆಯ ಜೀವ ಇರುವುದು 12:40ರಲ್ಲಿ. ಯಾಕೆ ಅನ್ನುವುದು ಅಡಿಕೆಯ ವರ್ಷ ಗೊತ್ತಿದ್ದವರಿಗೆ ತಟ್ಟನೆ ಹೊಳೆಯುತ್ತದೆ.

ಅಡಿಕೆಯ ಕಾಯಿ ಉದುರಿಸುವ ಕೊಳೆರೋಗ ಮಳೆಗಾಲದ್ದು. ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ಶೇಕಡಾ 1ರ ದ್ರಾವಣಕ್ಕೆ, ಸಾಮಾನು ಬೇಕಾಗುವುದು ಮಳೆ ಹಿಡಿಯುವ ಮುಂಚೆ. ಎರಡನೇ ಸಲ ಹೊಡೆಯಬೇಕಾದದ್ದು 40–45 ದಿನದ ಮೇಲೆ. ಬೆಳೆಗಾರರ ಕೈಯಲ್ಲಿ ದುಡ್ಡು ಓಡಾಡುವುದೋ, ಕೊಯ್ಲಾಗಿ, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿದ ಮೇಲೆ. ಮೇ ತಿಂಗಳಲ್ಲಿ ಉದ್ರಿ ಕೊಟ್ಟ ಅಂಗಡಿಯವರು ಮುಂದಿನ ವರ್ಷದ ಜನವರಿವರೆಗೆ ಕಾಯಬೇಕಾಗುತ್ತದೆ. ಮಳೆ ಹೊಳವಾಗದೆ ಎರಡನೇ ಸಲದ ಔಷಧಿ ತಪ್ಪಿ, ಕಾಯಿ ಉದುರಿಹೋದರೆ ತೋಟದವರಿಗೆ ಆದ ನಷ್ಟ ಅಂಗಡಿಯ ಪುಸ್ತಕಕ್ಕೂ ಇಳಿಯುತ್ತದೆ. ಆ ಪುಸ್ತಕವನ್ನು ಏನು ಮಾಡಿದರು ಅನ್ನುವುದು ಈ ಎಪಿಸೋಡಿನ ಪ್ರಶ್ನೆ.

ಪ್ರಕಟಣೆಗೆ ಇಷ್ಟೆಲ್ಲ ಬೇಕೇ ಅನ್ನಬೇಡಿ. ಇದನ್ನೆಲ್ಲ ಅದರಲ್ಲಿ ಬರೆಯುವುದಿಲ್ಲ, ನಿಜ. ಆದರೆ "ಕೊಯ್ಲಿನ ಹೊತ್ತಿಗೆ ಕೊಳೆ ಬಂದು ಬೆಳೆಯೆಲ್ಲ ಹೋಯಿತು" ಎಂದು ಬರೆದುಬಿಟ್ಟರೆ, ತೋಟ ಇರುವ ಓದುಗರು ಆ ಸಾಲಿನಲ್ಲೇ ನಕ್ಕು ಮುಂದೆ ಹೋಗುತ್ತಾರೆ. ನಿಮ್ಮ ಮೊದಲ ಕೇಳುಗರು ಅವರೇ.

2. ಒಂದು ಪ್ರಶ್ನೆ ಆರಿಸಿ, ಉತ್ತರವನ್ನು ಬಚ್ಚಿಡಿ

ಹಾಳೆಯ ಮೇಲೆ ಎರಡು ಸಾಲು ಬರೆಯಿರಿ. ಮೊದಲನೆಯದು ಪ್ರಶ್ನೆ, ಎರಡನೆಯದು ಉತ್ತರ.

ಪ್ರಶ್ನೆ: ಬೀಗ ಹಾಕಿಟ್ಟ ಪುಸ್ತಕವನ್ನು ಮರುವರ್ಷ ತೆಗೆದಾಗ ಮೊದಲು ಮಾಡಿದ್ದೇನು?
ಉತ್ತರ: ಹಳೆ ಬಾಕಿಯನ್ನೆಲ್ಲ ಬೇರೆ ಪುಸ್ತಕಕ್ಕೆ ಬರೆದು ಮೂರು ಕೊಯ್ಲಿಗೆ ಹಂಚಿದರು. ಹೊಸ ಮೈಲುತುತ್ತ ಮಾತ್ರ ನಗದಿಗೆ.

ಉತ್ತರದ ಸಾಲಿನಲ್ಲಿರುವ ಯಾವ ಮಾತೂ ಪ್ರಕಟಣೆಯಲ್ಲಿ ಬರಬಾರದು. "ಮೂರು ಕೊಯ್ಲು" ಎಂಬುದು ಬಾಯಿ ತಪ್ಪಿ ಬಂದರೂ ಕಥೆ ಅರ್ಧ ಸೋರಿದಂತೆ. ಇಲ್ಲಿ ಸಾಮಾನ್ಯವಾಗಿ ಎಡವುವುದು ಎರಡು ಮೂರು ಪ್ರಶ್ನೆ ಒಟ್ಟಿಗೆ ಹಾಕುವುದರಲ್ಲಿ: "ಹೇಗೆ ಶುರು ಮಾಡಿದರು? ಸೂಪರ್ ಮಾರ್ಕೆಟ್ಟನ್ನು ಹೇಗೆ ಎದುರಿಸಿದರು? ಅವರ ಯಶಸ್ಸಿನ ಗುಟ್ಟೇನು?" ಇದು ಪರೀಕ್ಷೆಯ ಪ್ರಶ್ನೆಪತ್ರಿಕೆ ಆಗುತ್ತದೆ. ಒಂದೂ ತಲೆಯಲ್ಲಿ ಉಳಿಯುವುದಿಲ್ಲ.

3. ಟೀಸರ್ ಸಾಲುಗಳನ್ನು ಬರೆಯಿರಿ

ಟೀಸರ್ ಅಂದರೆ ಕೇಳುವ ಆಸೆ ಹುಟ್ಟಿಸುವ ಎರಡು ಮೂರು ಸಾಲು. ಮೊದಲು ಎಲ್ಲರೂ ಬರೆಯುವ ರೀತಿ ನೋಡಿ:

> ಎಪಿಸೋಡ್ 14: ಸಣ್ಣ ಊರಿನ ದೊಡ್ಡ ಕನಸು! ಶೂನ್ಯದಿಂದ ಸಾಧನೆಯ ಶಿಖರಕ್ಕೇರಿದ ಸಾಮಾನ್ಯ ವರ್ತಕರೊಬ್ಬರ ಅಸಾಮಾನ್ಯ ಪಯಣ. ಈ ಸ್ಫೂರ್ತಿದಾಯಕ ಕಥೆಯನ್ನು ತಪ್ಪದೇ ಕೇಳಿ, ಶೇರ್ ಮಾಡಿ, ಸಬ್‌ಸ್ಕ್ರೈಬ್ ಆಗಿ.

ಇದರಲ್ಲಿ ಕಣ್ಣಿಗೆ ಕಾಣುವ ವಸ್ತು ಒಂದೂ ಇಲ್ಲ. ಅಂಗಡಿ ಇಲ್ಲ, ಅಡಿಕೆ ಇಲ್ಲ, ಮಳೆ ಇಲ್ಲ. ಸ್ವತಃ ಅಂಗಡಿಯವರು ಇದನ್ನು ಓದಿದರೂ ತಮ್ಮ ಬಗ್ಗೆ ಎಂದು ಗೊತ್ತಾಗಲಿಕ್ಕಿಲ್ಲ. ಇನ್ನು ಎಪಿಸೋಡ್ ಸಂಖ್ಯೆಯನ್ನು ತಲೆಬರಹದ ಮುಂದೆ ಇಡಬೇಡಿ. ಫೋನಿನ ಸಣ್ಣ ಪರದೆಯಲ್ಲಿ ತಲೆಬರಹದ ಮೊದಲ ನಾಲ್ಕೈದು ಪದ ಮಾತ್ರ ಕಾಣುತ್ತದೆ, ಆ ಜಾಗ ಬೆಲೆಬಾಳುವಂಥದ್ದು. ಸಂಖ್ಯೆ ತುಂಬಲು ಪಾಡ್‌ಕಾಸ್ಟ್ ಆ್ಯಪ್‌ಗಳಲ್ಲಿ ಬೇರೆಯೇ ಕಾಲಂ ಇರುತ್ತದೆ.

ಈಗ ನಮ್ಮದು. ತಲೆಬರಹ ಒಂದು ವಸ್ತುವಿನ ಮೇಲೆ ನಿಲ್ಲಲಿ. ಇಲ್ಲಿ ಅದು ಬೀಗ ಬಿದ್ದ ಪುಸ್ತಕ. ನಡುವೆ ಅಂಗಡಿಯವರ ಬಾಯಿಂದಲೇ ಬಂದ ಒಂದು ಮಾತು, ಅವರು ಆಡಿದ ಹಾಗೆಯೇ ಇರಲಿ. ಕೊನೆಗೆ ಪ್ರಶ್ನೆ.

> *ಕೊಳೆ ಬಂದ ವರ್ಷ ಬೀಗ ಹಾಕಿದ ಉದ್ರಿ ಪುಸ್ತಕ*
>
> ಮೈಲುತುತ್ತ, ಸುಣ್ಣ ಉದ್ರಿ ಕೊಟ್ಟಾಗಿತ್ತು. ಆಷಾಢ ಪೂರ್ತಿ ಮಳೆ ಹೊಳವಾಗಲಿಲ್ಲ. ತೋಟದಲ್ಲಿ ಕಾಯಿ ಉದುರಿತು.
>
> "ಪುಸ್ತಕ ತೆಗ್ದು ನೋಡೋಕೇ ಹೋಗ್ಲಿಲ್ಲ ಮಾರಾಯ್ರೆ. ಕಪಾಟಲ್ಲಿಟ್ಟು ಬೀಗ ಹಾಕ್ದೆ."
>
> ಮರುವರ್ಷ ಆ ಬೀಗ ತೆಗೆದಾಗ ಸಂಕದಂಗಡಿಯವರು ಮೊದಲು ಮಾಡಿದ್ದೇನು?

ಅಂಗಡಿಯವರ ಮಾತನ್ನು "ಪುಸ್ತಕವನ್ನು ತೆರೆದು ನೋಡುವ ಧೈರ್ಯ ನನಗೆ ಬರಲಿಲ್ಲ" ಎಂದು ತಿದ್ದಿದರೆ ಅರ್ಥ ಇರುತ್ತದೆ, ಆದರೆ ಅವರ ದನಿ ಹೋಗಿರುತ್ತದೆ. ಜೊತೆಗೆ ಅವರು ಹೇಳದ "ಧೈರ್ಯ" ನಿಮ್ಮ ಕೈಯಿಂದ ಸೇರಿರುತ್ತದೆ. ಉದ್ಧರಣ ಚಿಹ್ನೆಯ ಒಳಗೆ ರೆಕಾರ್ಡಿಂಗಿನಲ್ಲಿ ಇರುವುದೇ ಇರಬೇಕು. ತಲೆಬರಹದ ಎರಡೂ ಬದಿಯ ನಕ್ಷತ್ರ ಚಿಹ್ನೆ ವಾಟ್ಸಾಪಿನಲ್ಲಿ ಅಕ್ಷರ ದಪ್ಪಗಾಗಲು.

ಊರಿನ ಕರೆಹೆಸರು ಬಳಸಿದ್ದನ್ನು ಗಮನಿಸಿ. ಪಡಿತರ ಚೀಟಿಯಲ್ಲಿರುವ ಹೆಸರು ಹಾಕಿದರೆ ಎಷ್ಟೋ ಗಿರಾಕಿಗಳಿಗೇ ಅದು ಯಾರೆಂದು ಹೊಳೆಯದು. "ಸಂಕದಂಗಡಿ" ಎಂದರೆ ಸುತ್ತಲಿನ ಹತ್ತು ಹಳ್ಳಿಗೆ ಗೊತ್ತು. ಕರೆಹೆಸರಿನಲ್ಲಿ ಜಾತಿಯೋ ಅಣಕವೋ ಅಂಟಿಕೊಂಡಿದ್ದರೆ ಮಾತ್ರ ಅದು ಬೇಡ.

4. 40 ಸೆಕೆಂಡಿನ ಧ್ವನಿ ತುಣುಕು ಕತ್ತರಿಸಿ

ಬರಹಕ್ಕಿಂತ ದನಿ ಹೆಚ್ಚು ಎಳೆಯುತ್ತದೆ. ವಾಟ್ಸಾಪ್ ಸ್ಟೇಟಸ್‌ಗೆ 60 ಸೆಕೆಂಡಿನ ಒಳಗಿನ ತುಣುಕು ಸಾಕು. ನಾವು 12:40ರಿಂದ 13:20ರವರೆಗೆ ತೆಗೆದುಕೊಳ್ಳೋಣ.

ಎಲ್ಲಿ ನಿಲ್ಲಿಸಬೇಕು ಅನ್ನುವುದು ಕನ್ನಡದಲ್ಲಿ ಸ್ವಲ್ಪ ನಾಜೂಕಿನ ವಿಷಯ. ನಮ್ಮ ಕ್ರಿಯಾಪದ ವಾಕ್ಯದ ತುದಿಯಲ್ಲಿ ಬರುತ್ತದೆ, "ಇಲ್ಲ" ಎಂಬುದು ಅದಕ್ಕೂ ತುದಿಯಲ್ಲಿ. "ಅವ್ರು ಯಾರೂ ನನ್ ದುಡ್ಡು ಮುಳುಗ್ಸ್‌ಲಿಲ್ಲ" ಎಂಬ ಮಾತನ್ನು ಕುತೂಹಲಕ್ಕೆಂದು "ಅವ್ರು ಯಾರೂ ನನ್ ದುಡ್ಡು..." ಎಂದು ಕತ್ತರಿಸಿದರೆ, ಕೇಳಿದವರು ಯಾರೂ ವಾಪಸ್ ಕೊಡಲಿಲ್ಲ ಎಂದೇ ತಿಳಿಯುತ್ತಾರೆ. ಎಪಿಸೋಡ್ ಪೂರ್ತಿ ಕೇಳದ ನೂರು ಜನರ ಪಾಲಿಗೆ ಅದೇ ಸತ್ಯ. ಆ ಊರಿನ ಗಿರಾಕಿಗಳು ಮರುದಿನ ಅಂಗಡಿಗೆ ಬರಬೇಕಲ್ಲ! ಆದ್ದರಿಂದ ವಾಕ್ಯದ ನಡುವೆ ಕತ್ತರಿಸಬೇಡಿ. "ಬೀಗ ಹಾಕ್ದೆ" ಎಂದು ಪೂರ್ತಿಯಾಗಲಿ, ಅರ್ಧ ಸೆಕೆಂಡು ಮೌನ ಉಳಿಯಲಿ, ಮುಂದಿನ ವಾಕ್ಯ ಶುರುವಾಗುವ ಮೊದಲು ನಿಲ್ಲಿಸಿ.

ಎರಡನೆಯ ತೊಂದರೆ ಮಳೆಯದು. ತಗಡಿನ ಮಾಡಿನ ಕೆಳಗೆ ರೆಕಾರ್ಡ್ ಮಾಡಿದ್ದರೆ ಹೆಡ್‌ಫೋನಿನಲ್ಲಿ ಆ ಸದ್ದು ಹಿತವಾಗಿಯೇ ಕೇಳುತ್ತದೆ. ಫೋನಿನ ಸ್ಪೀಕರಿನಲ್ಲಿ ಮಾತು, ಮಳೆ ಎರಡೂ ಕಲಸಿ ಬರೀ ಸುರ್ರೆನ್ನುತ್ತದೆ. ತುಣುಕಿಗೆ ಮಳೆ ನಿಂತಾಗಿನ ಭಾಗ ಆರಿಸಿ, ಇಲ್ಲವೆಂದರೆ ಬರಹದ ಟೀಸರ್ ಒಂದೇ ಸಾಕು. ಸದ್ದು ತೆಗೆಯುವ ಫಿಲ್ಟರನ್ನು ಜೋರಾಗಿ ಹಾಕಿದರೆ ಅಂಗಡಿಯವರು ಕೊಡದೊಳಗಿಂದ ಮಾತಾಡಿದ ಹಾಗೆ ಆಗುತ್ತದೆ.

ಆಮೇಲೆ ಧ್ವನಿಯ ಮಟ್ಟ. ಆಡಾಸಿಟಿಯಲ್ಲಿ `Loudness Normalization` ತೆರೆದು `-16 LUFS` ಕೊಡಿ. LUFS ಅಂದರೆ ಕಿವಿಗೆ ಒಟ್ಟಾರೆ ಎಷ್ಟು ಜೋರಾಗಿ ಕೇಳುತ್ತದೆ ಎಂಬುದರ ಅಳತೆ, ಪಾಡ್‌ಕಾಸ್ಟಿಗೆ ಈ ಮಟ್ಟವೇ ರೂಢಿ. ರೆಕಾರ್ಡಿಂಗ್ ಒಂದೇ ಚಾನೆಲಿನದ್ದಾದರೆ ಅಲ್ಲೇ ಇರುವ `Treat mono as dual-mono` ಗುರುತು ಹಾಕಿರಲಿ.

ಸ್ಟೇಟಸ್‌ಗೆ ಚಿತ್ರ ಬೇಕು. ಒಂದು ಫೋಟೋ, ಈ ತುಣುಕು ಎರಡನ್ನೂ ಸೇರಿಸಿ ವಿಡಿಯೋ ಮಾಡಲು ಕಂಪ್ಯೂಟರಿನಲ್ಲಿ ffmpeg ಎಂಬ ಉಚಿತ ತಂತ್ರಾಂಶ ಇದ್ದರೆ ಒಂದೇ ಆದೇಶ ಸಾಕು:

```
ffmpeg -loop 1 -i photo.png -i teaser.mp3 -c:v libx264 -tune stillimage -c:a aac -b:a 128k -pix_fmt yuv420p -shortest teaser.mp4
```

ಫೋಟೋದ ಅಗಲ, ಎತ್ತರ ಎರಡೂ ಸಮಸಂಖ್ಯೆ ಆಗಿರಲಿ, ಉದಾಹರಣೆಗೆ 1080, 1080. ಬೆಸ ಇದ್ದರೆ ಆದೇಶ ತಪ್ಪು ತೋರಿಸಿ ನಿಂತುಬಿಡುತ್ತದೆ. ಇದೆಲ್ಲ ತಲೆನೋವು ಅನ್ನಿಸಿದರೆ ಫೋನಿನ ಯಾವ ವಿಡಿಯೋ ಎಡಿಟರಿನಲ್ಲಾದರೂ ಮಾಡಬಹುದು.

ಕೊನೆಗೆ ಫೋನನ್ನು ಮೇಜಿನ ಮೇಲಿಟ್ಟು ಎರಡು ಮಾರು ದೂರ ನಿಂತು ಕೇಳಿ. ಮಾತು ಸ್ಪಷ್ಟವಾಗಿ ತಿಳಿಯದಿದ್ದರೆ ಅದನ್ನು ಹೊರಗೆ ಬಿಡಬೇಡಿ.

5. ಎಲ್ಲಿ, ಯಾವಾಗ, ಎಷ್ಟು ಹೊತ್ತು ಕೇಳುವುದು ಎಂದು ಹೇಳಿ

"ತಪ್ಪದೇ ಕೇಳಿ" ಅನ್ನುವುದು ಕರೆಯಲ್ಲ. ಒಳ್ಳೆಯ ಕರೆ ಕೇಳುಗರ ದಿನದೊಳಗೆ ಒಂದು ಜಾಗ ತೋರಿಸುತ್ತದೆ. ಮಲೆನಾಡಿನಲ್ಲಿ ಕೊಯ್ಲಿನ ತಿಂಗಳುಗಳಲ್ಲಿ ಆ ಜಾಗ ತಾನಾಗಿಯೇ ಸಿಗುತ್ತದೆ. ರಾತ್ರಿ ಊಟ ಆದ ಮೇಲೆ ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯಲು ಕೂತವರ ಕೈ ಖಾಲಿ ಇಲ್ಲ, ಕಣ್ಣು ಖಾಲಿ ಇಲ್ಲ, ಕಿವಿ ಮಾತ್ರ ಖಾಲಿ.

> ರಾತ್ರಿ ಅಡಿಕೆ ಸುಲಿಯೋಕೆ ಕೂತಾಗ ಹಾಕ್ಕೊಳ್ಳಿ. 38 ನಿಮಿಷ.
> ಯೂಟ್ಯೂಬ್: (ಲಿಂಕ್)
> ಪರದೆ ಆರಿಸಿ ಕೇಳೋರಿಗೆ ಸ್ಪಾಟಿಫೈ: (ಲಿಂಕ್)

ಲಿಂಕ್ ಎರಡಕ್ಕಿಂತ ಹೆಚ್ಚು ಬೇಡ. ಆರು ಆ್ಯಪ್‌ಗಳ ಆರು ಲಿಂಕ್ ಹಾಕಿದರೆ ಓದುವವರು ಯಾವುದನ್ನು ಒತ್ತಲಿ ಎಂದು ಯೋಚಿಸುವಷ್ಟರಲ್ಲಿ ಬೇರೆ ಸಂದೇಶ ಬಂದಿರುತ್ತದೆ. ಯೂಟ್ಯೂಬ್ ಹೆಚ್ಚುಕಡಿಮೆ ಎಲ್ಲ ಆಂಡ್ರಾಯ್ಡ್ ಫೋನಿನಲ್ಲೂ ಇರುತ್ತದೆ, ಅದಕ್ಕೇ ಅದು ಮೊದಲು. ಆದರೆ ಹಣ ಕಟ್ಟದವರಿಗೆ ಪರದೆ ಆರಿದ ಕೂಡಲೇ ಅದು ನಿಲ್ಲುತ್ತದೆ. ಸುಲಿಯುವಾಗ ಅಡಿಕೆ ಚೊಗರಿನ ಕೈಯಲ್ಲಿ ಫೋನ್ ಮುಟ್ಟುವವರು ಯಾರು? ಸ್ಪಾಟಿಫೈನ ಉಚಿತ ಖಾತೆಯಲ್ಲಿ ಪರದೆ ಆರಿದರೂ ಮಾತು ಮುಂದುವರಿಯುತ್ತದೆ, ಪಾಡ್‌ಕಾಸ್ಟನ್ನು ಇಳಿಸಿಟ್ಟುಕೊಳ್ಳಲೂ ಬಿಡುತ್ತದೆ.

ನೆಟ್‌ವರ್ಕ್ ಮನೆಯಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗುವ ಕಡೆ ಈ ಇಳಿಸಿಕೊಳ್ಳುವ ಸೌಲಭ್ಯವೇ ಮುಖ್ಯ. ಅಂಥವರಿಗಾಗಿ "ಪೇಟೆಗೆ ಬಂದಾಗ ಇಳಿಸಿಟ್ಟುಕೊಳ್ಳಿ" ಎಂದು ಒಂದು ಸಾಲು ಸೇರಿಸಿ. ಕಡತವನ್ನೇ ನೇರವಾಗಿ ಕಳಿಸುವುದಾದರೆ ಮಾತಿನ ಎಪಿಸೋಡಿಗೆ 64 kbps, ಒಂದೇ ಚಾನೆಲ್ ಸಾಕು. 38 ನಿಮಿಷಕ್ಕೆ ಸುಮಾರು 18 ಎಂಬಿ ಆಗುತ್ತದೆ, 128 kbps ಇಟ್ಟರೆ ಅದರ ಎರಡರಷ್ಟು.

6. ಹೊರಗೆ ಬಿಡುವ ಮೊದಲು ಅಂಗಡಿಯವರಿಗೆ ಓದಿ ಹೇಳಿ

ಸಂದರ್ಶನಕ್ಕೆ ಒಪ್ಪಿದವರು ಪ್ರಕಟಣೆಗೂ ಒಪ್ಪಿದ ಹಾಗೆ ಅಲ್ಲ. 38 ನಿಮಿಷದ ನಡುವೆ ಹೇಳಿದ ಮಾತು ಬೇರೆ, ಅದೇ ಮಾತು ಇಡೀ ಊರಿನ ಗ್ರೂಪಿನಲ್ಲಿ ದಪ್ಪ ಅಕ್ಷರದಲ್ಲಿ ಬರುವುದು ಬೇರೆ. ಫೋನ್ ಮಾಡಿ, "ಹೀಗೆ ಹಾಕ್ತಾ ಇದೀವಿ, ಒಂದ್ಸಲ ಕೇಳಿ" ಎಂದು ಪೂರ್ತಿ ಓದಿ. ತುಣುಕನ್ನೂ ಕೇಳಿಸಿ.

ಇಲ್ಲಿ ಜಾಗ್ರತೆ ಬೇಕಾದದ್ದು ಉದ್ರಿಯ ವಿಷಯದಲ್ಲಿ. ಬಾಕಿದಾರರ ಹೆಸರು, ಮನೆ, ಕೇರಿ ಯಾವುದೂ ಬೇಡ. "ಮೇಲಿನಕೇರಿಯ ಒಬ್ಬರು" ಎಂದರೂ ಸಣ್ಣ ಊರಿನಲ್ಲಿ ಅದು ಹೆಸರು ಹೇಳಿದಂತೆಯೇ. ಬಾಕಿಯ ಒಟ್ಟು ಮೊತ್ತವನ್ನು ತಲೆಬರಹಕ್ಕೆ ಏರಿಸುವ ಆಸೆ ಆಗುತ್ತದೆ, ಅದನ್ನೂ ಅವರು ಒಪ್ಪಿದರೆ ಮಾತ್ರ ಹಾಕಿ. ಸಾಮಾನು ಕೊಡುವುದು ನಿಲ್ಲಿಸಿದ ಸಗಟು ವ್ಯಾಪಾರಿಯ ಹೆಸರು ಎಪಿಸೋಡಿನಲ್ಲಿ ಬಂದಿದ್ದರೂ ಪ್ರಕಟಣೆಯಲ್ಲಿ ಬರದಿರಲಿ.

ಇನ್ನೊಂದು ಎಡವಟ್ಟು ಯಾರಿಗೂ ಮೊದಲೇ ಹೊಳೆಯುವುದಿಲ್ಲ. "ಉದ್ರಿ ಕೇಳಿದವರಿಗೆ ಇಲ್ಲ ಅಂದವರೇ ಅಲ್ಲ" ಎಂದು ಪ್ರೀತಿಯಿಂದ ಬರೆದರೆ, ಮರುದಿನ ಬೆಳಿಗ್ಗೆ ಉದ್ರಿ ಕೇಳಲು ಹೊಸ ಮುಖಗಳು ಬಂದು ನಿಲ್ಲುತ್ತವೆ. ಹೊಗಳಿಕೆಯ ಬಿಲ್ಲು ಕಟ್ಟಬೇಕಾದವರು ಅಂಗಡಿಯವರು.

ಫೋಟೋ ನೋಡಿ. ಗಲ್ಲಾಪೆಟ್ಟಿಗೆಯ ಪಕ್ಕದ ಕ್ಯೂಆರ್ ಕೋಡ್, ಬೋರ್ಡಿನ ಮೊಬೈಲ್ ನಂಬರ್, ತೆರೆದಿಟ್ಟ ಪುಸ್ತಕದ ಪುಟ ಇವೆಲ್ಲ ಚೌಕಟ್ಟಿನ ಹೊರಗೆ ಇರಲಿ. ಪುಸ್ತಕದ ಫೋಟೋ ಬೇಕೇ ಬೇಕು ಅನ್ನಿಸಿದರೆ ಮುಚ್ಚಿದ ಪುಸ್ತಕದ ಬೆನ್ನು ತೆಗೆಯಿರಿ. ಈ ಕಥೆಗೆ ಅದೇ ಹೆಚ್ಚು ಹೊಂದುತ್ತದೆ.

7. ಕಳಿಸುವ ಕ್ರಮ

ಹಿಂದಿನ ಸಂಜೆ ಧ್ವನಿ ತುಣುಕನ್ನು ಸ್ಟೇಟಸ್‌ಗೆ ಹಾಕಿ. ಅದು 24 ಗಂಟೆ ಇರುತ್ತದೆ, ಎಪಿಸೋಡ್ ಬರುವ ಹೊತ್ತಿಗೆ ಕೇಳಬೇಕಾದವರು ಕೇಳಿರುತ್ತಾರೆ. ಬಿಡುಗಡೆಯ ದಿನ ಸಂಜೆ ಆರೂವರೆಯಿಂದ ಏಳರೊಳಗೆ ಬರಹ ಕಳಿಸಿ. ಲಿಂಕನ್ನು ಅಂಟಿಸಿದ ಮೇಲೆ ಎರಡು ಮೂರು ಸೆಕೆಂಡು ತಡೆದರೆ ಚಿತ್ರ, ತಲೆಬರಹ ಇರುವ ಪೆಟ್ಟಿಗೆ ಮೂಡುತ್ತದೆ. ಅದು ಮೂಡುವ ಮುಂಚೆ ಕಳಿಸಿದರೆ ಬರೀ ನೀಲಿ ಅಕ್ಷರದ ಸಾಲು ಹೋಗುತ್ತದೆ, ಅಂಥದ್ದನ್ನು ಒತ್ತಲು ಜನ ಹೆದರುತ್ತಾರೆ, ಹೆದರುವುದೂ ಸರಿಯೇ. ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿ ಬಳಸುವುದಾದರೆ, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ ಎಂಬುದು ನೆನಪಿರಲಿ. "ಕಳಿಸಿದ್ದೆವು, ಬಂದೇ ಇಲ್ಲವಂತೆ" ಎಂಬ ದೂರಿನ ಮೂಲ ಹೆಚ್ಚಾಗಿ ಇದೇ.

ಮಳೆಗಾಲದಲ್ಲಿ ಸಂಜೆಯನ್ನು ನಂಬಬೇಡಿ. ಕರೆಂಟು ಹೋಗಿ, ಸ್ವಲ್ಪ ಹೊತ್ತಿಗೆ ಟವರೂ ಹೋದರೆ ನಿಮ್ಮ ಸಂದೇಶ ಮರುದಿನದ ಶುಭೋದಯಗಳ ರಾಶಿಯಡಿ ಸಿಕ್ಕಿಬೀಳುತ್ತದೆ. ಆಗ ಮಧ್ಯಾಹ್ನವೇ ಕಳಿಸಿ, ಸುಲಿಯುವ ಸಾಲನ್ನು ತೆಗೆದು ಆ ಕಾಲಕ್ಕೆ ಹೊಂದುವ ಬೇರೆ ಹೊತ್ತು ಹೇಳಿ.

ಮೂರನೇ ದಿನ ಒಂದೇ ಒಂದು ನೆನಪಿನ ಸಂದೇಶ. ಹಳೆಯದನ್ನೇ ಮತ್ತೆ ತಳ್ಳಬೇಡಿ, ಎಪಿಸೋಡಿನ ಬೇರೆ ಜಾಗ ತೋರಿಸಿ. 24:30 ಎಂದರೆ 1470 ಸೆಕೆಂಡು. ಯೂಟ್ಯೂಬ್ ಲಿಂಕಿನ ತುದಿಗೆ `?t=1470` ಸೇರಿಸಿದರೆ ಅಲ್ಲಿಂದಲೇ ಶುರುವಾಗುತ್ತದೆ. ಲಿಂಕಿನಲ್ಲಿ ಈಗಾಗಲೇ `?si=` ಅಥವಾ `?v=` ಎಂದು ಇದ್ದರೆ ಮಾತ್ರ `&t=1470` ಎಂದು ಸೇರಿಸಬೇಕು. ಎರಡು ಪ್ರಶ್ನಾರ್ಥಕ ಬಿದ್ದರೆ ಎಪಿಸೋಡ್ ಮೊದಲಿಂದ ಓಡುತ್ತದೆ, ನೀವು ಹೇಳಿದ ಜಾಗ ಸಿಗದೆ ಕೇಳುಗರು ಮುಚ್ಚಿಬಿಡುತ್ತಾರೆ. ಕಳಿಸುವ ಮುನ್ನ ಬೇರೆಯವರ ಫೋನಿನಲ್ಲಿ ಒಮ್ಮೆ ಒತ್ತಿ ನೋಡಿ.

> ಮಗಳು ಕ್ಯೂಆರ್ ಕೋಡ್ ಅಂಟಿಸಿದ ದಿನ ಸಂಕದಂಗಡಿಗೆ ಬಂದ ಮೊದಲ ಗಿರಾಕಿ ಅದನ್ನು ನೋಡಿ ಕೇಳಿದ್ದು: "ಹಂಗಾರೆ ಇನ್ಮೇಲೆ ಪುಸ್ತಕ ಇಲ್ವಾ?"
> ಆ ಜಾಗದಿಂದಲೇ ಕೇಳಿ: (ಲಿಂಕ್)